24 ಅಡಿಕೆ ತೋಟ, 9 ಅಂಶ: R² ಚೆನ್ನಾಗಿದೆ, ಹೊಸ ತೋಟಕ್ಕೆ ಮಾತ್ರ ಲೆಕ್ಕ ಹೊಂದುತ್ತಿಲ್ಲ

ಪೆರ್ಲದ_ತೋಟಿಗ

ನಮ್ಮ ಎಣ್ಮಕಜೆ, ಬದಿಯಡ್ಕ ಕಡೆಯ 24 ಅಡಿಕೆ ತೋಟಗಳ ಲೆಕ್ಕ ಹಿಡಿದು R ನಲ್ಲಿ ಒಂದು ರಿಗ್ರೆಶನ್ ಮಾಡೆಲ್ ಕಟ್ಟಿದ್ದೇನೆ. ಊಹಿಸಬೇಕಾದದ್ದು ಮರಕ್ಕೆ ಎಷ್ಟು ಕೆಜಿ ಚಾಲಿ ಬರುತ್ತದೆ ಎಂದು. ಹಾಕಿದ ಅಂಶಗಳು 9: ಮರದ ಪ್ರಾಯ, ನೀರು ಬಿಡುವ ಅಂತರ, ಮದ್ದು ಬಿಟ್ಟ ಸಲ, ಪೊಟ್ಯಾಷ್, ಹಟ್ಟಿಗೊಬ್ಬರ, ಮಣ್ಣಿನ ಪಿಎಚ್, ಮರಗಳ ನಡುವಿನ ಅಂತರ, ತಳಿ (ಊರಿನದ್ದು, ಮಂಗಳ, ಮೋಹಿತ್‌ನಗರ), ಮಣ್ಣಿನ ಬಗೆ (ಬೈಲು, ಕೆಂಪು, ಮುರಕಲ್ಲು).

R² 0.71 ಬಂತು. ಖುಷಿಯಾಗಿ ಪಟ್ಟಿಯಲ್ಲಿಲ್ಲದ ಎರಡು ತೋಟಕ್ಕೆ ಹಾಕಿ ನೋಡಿದೆ. ಒಂದರಲ್ಲಿ ಮರಕ್ಕೆ 2 ಕೆಜಿಯೂ ಬರುವುದಿಲ್ಲ, ಮಾಡೆಲ್ 4 ಅನ್ನುತ್ತದೆ. ಇನ್ನೂ ವಿಚಿತ್ರ ಎಂದರೆ, ಪೊಟ್ಯಾಷ್ ಹಾಕಿದಷ್ಟೂ ಇಳುವರಿ ಇಳಿಯುತ್ತದಂತೆ! ಡೇಟಾ ಎರಡೆರಡು ಸಲ ನೋಡಿದೆ, ತಪ್ಪೇನೂ ಇಲ್ಲ. ಎಲ್ಲಿ ಎಡವಟ್ಟಾಗಿದೆ?

ಕುಂಬಳೆ_ಎಕ್ಸೆಲ್

ಅಂಶ ಜಾಸ್ತಿಯಾಯಿತು, ಅಷ್ಟೇ. ಒಂದು ಅಂಶಕ್ಕೆ 10 ಸಾಲು ಡೇಟಾ ಬೇಕು. ನಿಮ್ಮದು 24, ಹಾಗಾಗಿ 2 ಅಂಶ. `step()` ಓಡಿಸಿ, ಬೇಡದ್ದನ್ನೆಲ್ಲ ಅದೇ ತೆಗೆದುಹಾಕುತ್ತದೆ. ಉಳಿದದ್ದರಲ್ಲಿ ಒಳ್ಳೆಯ ಎರಡು ಇಟ್ಟುಕೊಳ್ಳಿ.

ಬೋವಿಕ್ಕಾನ_ಬೋರ್ಡೋ

ನನ್ನದೂ ಇದೇ ಕತೆ ಮಾರಾಯ್ರೆ. 60 ತೋಟದ ಡೇಟಾ ಇದೆ, ಕೊಳೆರೋಗ ಬಂತಾ ಇಲ್ವಾ ಎಂದು ನೋಡುವುದು. 10ರ ಲೆಕ್ಕದಲ್ಲಿ 6 ಅಂಶ ಹಾಕಬಹುದಲ್ವಾ? ಕೊಳೆ ಬಂದದ್ದು 9 ತೋಟಕ್ಕೆ ಮಾತ್ರ.

ಸೀತಾಂಗೋಳಿ_ಅಕ್ಕ

ಪೆರ್ಲದವರೇ, ನೀವು ಹಾಕಿದ್ದು 9 ಅಂಶವಲ್ಲ, 11. `summary()` ಕೊನೆಯಲ್ಲಿ `on 12 degrees of freedom` ಎಂದು ಇರಬೇಕು, ನೋಡಿ. ತಳಿ ಮೂರು ಬಗೆ ಇದ್ದರೆ ಅದಕ್ಕೆ ಎರಡು ಕಾಲಂ ಖರ್ಚು, ಮಣ್ಣಿಗೂ ಹಾಗೇ. ಏಳಕ್ಕೆ ನಾಲ್ಕು ಸೇರಿ 11, ಇಂಟರ್‌ಸೆಪ್ಟ್ ಒಂದು, ಒಟ್ಟು 12. 24 ತೋಟದಲ್ಲಿ ಅರ್ಧ ಅಲ್ಲಿಗೇ ಮುಗಿಯಿತು.

ಈಗ ಆ 0.71 ಎಷ್ಟು ದೊಡ್ಡದು ಎಂದು ನೋಡೋಣ. ಇಳುವರಿಗೆ ಏನೇನೂ ಸಂಬಂಧವಿಲ್ಲದ 11 ಕಾಲಂ ಸುಮ್ನೆ ತುಂಬಿಸಿದರೂ R² ಸರಾಸರಿ 11/23, ಅಂದರೆ ಸುಮಾರು 0.48 ಬಂದೇ ಬರುತ್ತದೆ. 23 ಕಾಲಂ ತುಂಬಿಸಿದರೆ ಸರಿಯಾಗಿ 1! ಹಾಗಾಗಿ ನಿಮ್ಮ 0.71 ಸೊನ್ನೆಯಿಂದ ಮೇಲೆ ಹತ್ತಿದ್ದಲ್ಲ, 0.48ರಿಂದ ಹತ್ತಿದ್ದು. `Adjusted R-squared` 0.44 ಆಸುಪಾಸು ಇರಬೇಕು. ಅದು ಕೂಡ ಹೊಸ ತೋಟದಲ್ಲಿ ಏನಾಗುತ್ತದೆ ಎಂದು ಹೇಳುವುದಿಲ್ಲ. ಅದಕ್ಕೆ ಒಂದೊಂದೇ ತೋಟವನ್ನು ಹೊರಗಿಟ್ಟು, ಉಳಿದ 23ರಿಂದ ಮಾಡೆಲ್ ಕಟ್ಟಿ, ಹೊರಗಿಟ್ಟದ್ದನ್ನು ಊಹಿಸಬೇಕು. 24 ಸಲ ಓಡಿಸಬೇಕಾಗಿಲ್ಲ, ಇಷ್ಟು ಸಾಕು:

```r
m <- lm(chali ~ ., data = tota)
e <- residuals(m) / (1 - hatvalues(m))
1 - sum(e^2) / sum((tota$chali - mean(tota$chali))^2)
```

`hatvalues` ಅಂದರೆ ಒಂದು ತೋಟ ತನ್ನ ಅಂದಾಜನ್ನು ತಾನೇ ಎಷ್ಟು ಎಳೆದುಕೊಳ್ಳುತ್ತದೆ ಎಂಬುದು. ಅದರ ಸರಾಸರಿ ನಿಮ್ಮಲ್ಲಿ 12/24, ಅರ್ಧ. ಹಾಗಾಗಿ ಕಾಗದದ ಮೇಲೆ ಕಾಣುವ ತಪ್ಪು ಹೊಸ ತೋಟದಲ್ಲಿ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ವರ್ಗ ಮಾಡಿದರೆ ನಾಲ್ಕು ಪಟ್ಟು. ಈಗ ಉಳಿದಿರುವ ತಪ್ಪು 0.29, ಅದರ ನಾಲ್ಕು ಪಟ್ಟು 1ನ್ನು ದಾಟುತ್ತದೆ. ಉತ್ತರ ಸೊನ್ನೆಗಿಂತ ಕೆಳಗೆ ಬರುತ್ತದೆ ಎಂದು ನನ್ನ ಅಂದಾಜು.

ಪೊಟ್ಯಾಷ್ ಉಲ್ಟಾ ಆಗಿರುವುದಕ್ಕೆ ಕಾರಣ ಬೇರೆ. ಹಟ್ಟಿಗೊಬ್ಬರ ಚೆನ್ನಾಗಿ ಹಾಕುವವರೇ ಪೊಟ್ಯಾಷನ್ನೂ ಹಾಕುತ್ತಾರೆ. ಎರಡೂ ಜೊತೆಗೇ ಏರಿ ಜೊತೆಗೇ ಇಳಿಯುವಾಗ, ಯಾವುದರಿಂದ ಎಷ್ಟು ಎಂದು ಬಿಡಿಸಿ ಹೇಳಲು 24 ತೋಟ ಸಾಲದು. ಒಂದು ಮೇಲೆ ಹಾರಿದರೆ ಇನ್ನೊಂದು ಕೆಳಗೆ ಬೀಳುತ್ತದೆ. ಪೊಟ್ಯಾಷ್ ಸಾಲಿನ `Std. Error` ನೋಡಿ, ದೊಡ್ಡದೇ ಇರುತ್ತದೆ. ಅದನ್ನು ನಂಬಿ ಗೊಬ್ಬರ ನಿಲ್ಲಿಸಬೇಡಿ!

ಬೋವಿಕ್ಕಾನದವರೇ, ನಿಮ್ಮಲ್ಲಿ ಎಣಿಸಬೇಕಾದದ್ದು 60 ಅಲ್ಲ, 9. ಹೌದು-ಇಲ್ಲ ಮಾದರಿಯ ಪ್ರಶ್ನೆಯಲ್ಲಿ ಕಡಿಮೆ ಇರುವ ಕಡೆಯನ್ನೇ ಲೆಕ್ಕ ಹಿಡಿಯಬೇಕು. 10ರ ಆ ನಿಯಮ ಹೆಸರಾದದ್ದೇ ಅಂಥ ಮಾಡೆಲ್‌ಗಳ ಮೇಲೆ 1996ರಲ್ಲಿ ನಡೆದ ಒಂದು ಸಿಮ್ಯುಲೇಶನ್ ಅಧ್ಯಯನದಿಂದ. ನಿಮಗೆ ಒಂದು ಅಂಶವೂ ಬಿಗಿಯೇ.

ಪೆರ್ಲದ_ತೋಟಿಗ

ಬಂತು ಅಕ್ಕ. −0.31. ಎಲ್ಲ ತೋಟಕ್ಕೂ ಸುಮ್ನೆ ಸರಾಸರಿ ಹೇಳಿಬಿಟ್ಟಿದ್ದರೂ ಇದಕ್ಕಿಂತ ಮೇಲಿತ್ತು ಎಂದಾಯಿತು. ತಳಿಯಲ್ಲಿ ಮಂಗಳ ಇರುವುದು ಮೂರೇ ತೋಟ, ಅವುಗಳ `hatvalues` ಎಲ್ಲಕ್ಕಿಂತ ಜಾಸ್ತಿ. ಹಾಗಾದರೆ ಕುಂಬಳೆಯವರು ಹೇಳಿದಂತೆ `step()` ಮಾಡಲಾ?

ಸೀತಾಂಗೋಳಿ_ಅಕ್ಕ

ಕಡಿಮೆ ಮಾಡಿ ಎಂದದ್ದು ಸರಿ, ದಾರಿ ಸರಿಯಿಲ್ಲ. 11 ಕಾಲಂ ಜಾಲಾಡಿ ಎರಡು ಆರಿಸಿದರೆ ನೀವು ಬಳಸಿದ್ದು ಎರಡಲ್ಲ, 11. ಇಳುವರಿ ನೋಡಿದ ಮೇಲೆ ಬಿಟ್ಟದ್ದೂ ಲೆಕ್ಕಕ್ಕೆ ಸೇರುತ್ತದೆ. ಇಳುವರಿಯ ಕಾಲಂ ಒಂದನ್ನೇ ಕಲಸಿ ನೋಡಿ:

```r
t2 <- tota
t2$chali <- sample(t2$chali)
summary(step(lm(chali ~ ., data = t2), trace = 0))
```

ಈಗ ಯಾರದೋ ಇಳುವರಿ ಯಾರದೋ ತೋಟಕ್ಕೆ ಹೋಗಿದೆ. ಸಿಗಬೇಕಾದದ್ದು ಏನೂ ಇಲ್ಲ.

ಪೆರ್ಲದ_ತೋಟಿಗ

ಅಯ್ಯೋ! ನಾಲ್ಕು ಅಂಶ ಉಳಿಯಿತು, R² 0.39, ಎರಡಕ್ಕೆ ನಕ್ಷತ್ರ ಬೇರೆ. ಮರಗಳ ನಡುವಿನ ಅಂತರ ಬಹಳ ಮುಖ್ಯವಂತೆ. ಇನ್ನೊಮ್ಮೆ ಕಲಸಿದೆ, ಈಗ ಪಿಎಚ್ ಮುಖ್ಯವಂತೆ.

ಕುಂಬಳೆ_ಎಕ್ಸೆಲ್

ಇದು ನನಗೂ ಹೊಸದು. ಆದರೆ ಯಾವ ಎರಡು ಎಂದು ಡೇಟಾ ನೋಡದೆ ಹೇಗೆ ಆರಿಸುವುದು?

ಸೀತಾಂಗೋಳಿ_ಅಕ್ಕ

ತೋಟದ ತಿಳಿವಳಿಕೆಯಿಂದ. ನಮ್ಮ ಮಳೆಗೆ ಕೊಳೆ ತಡೆಯದಿದ್ದರೆ ಗೊನೆಯೇ ಉಳಿಯದು, ಹಾಗಾಗಿ ಮದ್ದು ಬಿಟ್ಟ ಸಲ ಬೇಕು. ಬೇಸಿಗೆಯ ನೀರು ಬೇಕು. ಮರದ ಪ್ರಾಯ ಬೇಕು. ಈ ಮೂರನ್ನು ಮೊದಲೇ ಬರೆದಿಟ್ಟುಕೊಂಡು ಒಂದೇ ಸಲ ಓಡಿಸಿ. ಗೊಬ್ಬರ ಬೇಕೇ ಬೇಕು ಎಂದಾದರೆ ಪೊಟ್ಯಾಷ್, ಹಟ್ಟಿಗೊಬ್ಬರ ಎರಡನ್ನೂ ಸೇರಿಸಿ ಒಂದೇ ಅಂಕ ಮಾಡಿ. 24ಕ್ಕೆ 2 ಅಥವಾ 3, ಅದಕ್ಕಿಂತ ಮೇಲೆ ನಾನು ಹೋಗುವುದಿಲ್ಲ. ಇದೇನು ಕಲ್ಲಿನಲ್ಲಿ ಕೆತ್ತಿದ ನಿಯಮವಲ್ಲ. ಅಂಶದ ಪ್ರಭಾವ ತೀರಾ ಬಲವಾಗಿದ್ದರೆ ಕಡಿಮೆ ಡೇಟಾದಲ್ಲೂ ನಿಲ್ಲುತ್ತದೆ, ದುರ್ಬಲವಾಗಿದ್ದರೆ ಒಂದಕ್ಕೆ 10 ತೋಟವೂ ಸಾಲದು.

ಪೆರ್ಲದ_ತೋಟಿಗ

ಮೂರೇ ಹಾಕಿದೆ. R² 0.46ಕ್ಕೆ ಇಳಿಯಿತು, ಆದರೆ ಹೊರಗಿಟ್ಟು ನೋಡುವ ಲೆಕ್ಕ 0.21ಕ್ಕೆ ಏರಿತು. ಆ 4 ಕೆಜಿ ತೋಟಕ್ಕೆ ಈಗ 2.6 ಅನ್ನುತ್ತದೆ. ಇನ್ನೂ ಜಾಸ್ತಿಯೇ, ಆದರೂ ಮನುಷ್ಯರು ಹೇಳುವಂತಿದೆ.

ಕುಂಬಳೆ_ಎಕ್ಸೆಲ್

ಅಂಶ ಬಿಡಲು ಮನಸ್ಸಿಲ್ಲದಿದ್ದರೆ ರಿಡ್ಜ್ ಮಾಡಬಹುದಲ್ವಾ? `glmnet` ನಲ್ಲಿ ಎಲ್ಲ 11 ಇಟ್ಟುಕೊಂಡೇ ಗುಣಾಂಕಗಳನ್ನು ಕುಗ್ಗಿಸುತ್ತದೆ.

ಸೀತಾಂಗೋಳಿ_ಅಕ್ಕ

ಮಾಡಬಹುದು, ಊಹಿಸಲಿಕ್ಕೆ ಮಾತ್ರ ಆದರೆ. ಆದರೆ ಎಷ್ಟು ಕುಗ್ಗಿಸಬೇಕು ಎಂಬುದನ್ನೂ ಇದೇ 24 ತೋಟದಿಂದಲೇ ತಿಳಿಯಬೇಕು. `cv.glmnet` ಐದಾರು ಸಲ ಓಡಿಸಿ, `lambda.min` ಪ್ರತಿ ಸಲ ಎಲ್ಲೆಲ್ಲಿಗೆ ಹಾರುತ್ತದೆ ನೋಡಿ, ಆಮೇಲೆ ಮಾತಾಡೋಣ.

ಬೋವಿಕ್ಕಾನ_ಬೋರ್ಡೋ

ಪೆರ್ಲದವರ ಹತ್ತಿರ ಮೂರು ವರ್ಷದ ಲೆಕ್ಕ ಇದ್ದರೆ 72 ಸಾಲು ಆಗುತ್ತದಲ್ಲ. ಅಲ್ಲಿಗೆ 7 ಅಂಶ!

ಪೆರ್ಲದ_ತೋಟಿಗ

ಎರಡು ವರ್ಷದ್ದು ಇದೆ, ಮೂರನೆಯದ್ದು ಅರ್ಧಂಬರ್ಧ.

ಸೀತಾಂಗೋಳಿ_ಅಕ್ಕ

ಮುರಕಲ್ಲಿನ ತೋಟ ಮೂರು ವರ್ಷವೂ ಮುರಕಲ್ಲಿನದ್ದೇ. ಮಣ್ಣು, ತಳಿ, ಮರಗಳ ಅಂತರ ಇವಕ್ಕೆ ನಿಮ್ಮಲ್ಲಿರುವುದು ಆಗಲೂ 24 ತೋಟವೇ. ಮದ್ದು, ನೀರು ವರ್ಷಕ್ಕೊಂದು ತರ ಬದಲಾಗಿದ್ದರೆ ಅವಕ್ಕೆ ಸ್ವಲ್ಪ ಲಾಭ ಇದೆ. ಆಗ `lmer` ನಲ್ಲಿ `(1 | tota_id)` ಎಂದು ಕೊಡಬೇಕು, ಸುಮ್ನೆ `lm` ಗೆ 72 ಸಾಲು ಕೊಟ್ಟರೆ `Std. Error` ಸುಳ್ಳೇ ಚಿಕ್ಕದಾಗಿ ಕಾಣುತ್ತದೆ. ಎಷ್ಟು ಅಂಶದವರೆಗೆ ಹೋಗಬಹುದು ಎಂದು ಡೇಟಾ ನೋಡದೆ ಹೇಳಲಾರೆ. ಮದ್ದು ಬಿಟ್ಟ ಸಲ ವರ್ಷದಿಂದ ವರ್ಷಕ್ಕೆ ಬದಲಾದ ತೋಟ ಎಷ್ಟಿವೆ?

ಪೆರ್ಲದ_ತೋಟಿಗ

ಹೆಚ್ಚಿನವರು ಪ್ರತಿ ವರ್ಷ ಎರಡೇ ಸಲ ಬಿಡುವುದು. ಮಳೆ ಬಿಡದೆ ಸುರಿದ ವರ್ಷ ಕೆಲವರು ಮೂರು. ಪಟ್ಟಿ ಮಾಡಿ ಹಾಕುತ್ತೇನೆ ಅಕ್ಕ.