ವೆಬ್‌ಸೈಟಿನಲ್ಲಿ 214 ಕಂತು, ಆ್ಯಪ್‌ನಲ್ಲಿ ಬರೀ 10: ಹಳೆಯವನ್ನೆಲ್ಲ ಒಟ್ಟಿಗೆ ಇಳಿಸಿಕೊಳ್ಳೋದು ಹೇಗೆ?

ಕಾನಮನೆ_ಕೇಳುಗ

ನಮಸ್ಕಾರ. ಒಂದು ಕನ್ನಡ ಕಥಾ ಪಾಡ್‌ಕಾಸ್ಟ್‌ನ ಆರ್‌ಎಸ್‌ಎಸ್ ವಿಳಾಸವನ್ನು ಆಂಟೆನಾಪಾಡ್‌ಗೆ ಹಾಕಿ ಚಂದಾದಾರನಾದೆ. ಅವರ ವೆಬ್‌ಸೈಟಿನಲ್ಲಿ 214 ಕಂತು ಇವೆ, ಆ್ಯಪ್‌ನಲ್ಲಿ ಕಾಣೋದು ಕೊನೆಯ 10 ಮಾತ್ರ. ಮುಂದಿನ ವಾರ ಊರಿಗೆ ಹೋಗ್ತಿದ್ದೇನೆ. ಅಲ್ಲಿ ಗುಡ್ಡ ಹತ್ತಿದರೆ ಮಾತ್ರ ನೆಟ್‌ವರ್ಕ್. ಅಡಿಕೆ ಕೊಯ್ಲಿನ ಹೊತ್ತಿಗೆ ಕಿವಿಗೆ ಏನಾದರೂ ಬೇಕು, ಹಾಗಾಗಿ ಎಲ್ಲವನ್ನೂ ಈಗಲೇ ಇಳಿಸಿಟ್ಟುಕೊಳ್ಳಬೇಕು. ಆ್ಯಪ್ ತೆಗೆದು ಮತ್ತೆ ಹಾಕಿದ್ದಾಯ್ತು, ಅದೇ ಹತ್ತು. ಲ್ಯಾಪ್‌ಟಾಪ್ ಇದೆ, ಅದರಲ್ಲಿ ಉಬುಂಟು.

ಚುರುಮುರಿ

ಸೆಟ್ಟಿಂಗ್ಸ್‌ನಲ್ಲಿ ಆಟೋ ಡೌನ್‌ಲೋಡ್ ಆನ್ ಮಾಡಿ, ಎಷ್ಟು ಕಂತು ಇಟ್ಟುಕೊಳ್ಳಬೇಕು ಅನ್ನೋ ಮಿತಿಯನ್ನು ಅನಿಯಮಿತ ಮಾಡಿ. ನನಗೆ ಹಾಗೆ ಮಾಡಿದ ಮೇಲೆ ಸರಿಹೋಯ್ತು.

ತಂತಿ_ಮಾವ

ಚುರುಮುರಿಯವರು ಹೇಳಿದ್ದು ಅರ್ಧ ಸರಿ. ಆ ಮಿತಿ ಇರೋದು ಫೋನಿನಲ್ಲಿ ಎಷ್ಟು ಉಳಿಸಿಕೊಳ್ಳಬೇಕು ಅನ್ನೋದಕ್ಕೆ. ಫೀಡ್‌ನಲ್ಲೇ ಇಲ್ಲದ ಕಂತನ್ನು ಆ್ಯಪ್ ಎಲ್ಲಿಂದ ತರುತ್ತೆ? ಮೊದಲು ಫೀಡ್ ಎಷ್ಟು ಕೊಡ್ತಿದೆ ಅಂತ ಎಣಿಸಿ ನೋಡಿ:

```
curl -sL "https://example.com/feed/" | grep -o "<item>" | wc -l
```

ವಿಳಾಸದ ಜಾಗದಲ್ಲಿ ನಿಮ್ಮದು ಹಾಕಿ. 214 ಬಂದರೆ ತಪ್ಪು ಆ್ಯಪ್‌ನದು. 10 ಬಂದರೆ ಆ್ಯಪ್ ಪಾಪ, ಅದಕ್ಕೆ ಸಿಕ್ಕಿದ್ದನ್ನೇ ತೋರಿಸ್ತಿದೆ.

ಕಾನಮನೆ_ಕೇಳುಗ

10 ಅಂತ ಬಂತು ಮಾವ.

ತಂತಿ_ಮಾವ

ಸರಿಯಾಗಿ ಹತ್ತು ಅಂದರೆ ಅದು ಬಹುತೇಕ ವರ್ಡ್‌ಪ್ರೆಸ್ ಸೈಟು. ಫೀಡ್‌ನಲ್ಲಿ ಎಷ್ಟು ಬರಹ ಇರಬೇಕು ಅಂತ ಅದರಲ್ಲೊಂದು ಸೆಟ್ಟಿಂಗ್ ಇದೆ, ಯಾರೂ ಮುಟ್ಟದಿದ್ದರೆ ಅದು 10ರಲ್ಲೇ ಇರುತ್ತೆ. ಕಾರ್ಯಕ್ರಮ ಮಾಡುವವರಿಗೆ ಇದು ಗೊತ್ತೇ ಇರೋದಿಲ್ಲ, ಯಾಕಂದರೆ ಮೊದಲಿನಿಂದ ಚಂದಾದಾರರಾಗಿರುವವರಿಗೆ ಎಲ್ಲವೂ ಕಾಣ್ತಾ ಇರುತ್ತೆ. ಹನ್ನೊಂದನೆಯದು ಬಂದಾಗ ಮೊದಲನೆಯದು ಫೀಡ್‌ನಿಂದ ಜಾರಿಹೋದರೂ ಅವರ ಆ್ಯಪ್ ಅದನ್ನು ನೆನಪಿಟ್ಟುಕೊಂಡಿರುತ್ತೆ. ಪೆಟ್ಟು ಬೀಳೋದು ನಿಮ್ಮ ಹಾಗೆ ತಡವಾಗಿ ಬಂದವರಿಗೆ.

ವಿಳಾಸದ ಕೊನೆಗೆ `?paged=2` ಸೇರಿಸಿ ಬ್ರೌಸರಿನಲ್ಲಿ ತೆಗೀರಿ. ಹಿಂದಿನ ಹತ್ತು ಕಂತು ಕಂಡರೆ ಕೆಲಸ ಆದ ಹಾಗೇ. ಮತ್ತೆ ಅದೇ ಹತ್ತು ಕಂಡರೆ ಈ ದಾರಿ ಮುಚ್ಚಿದೆ ಅಂತ ತಿಳ್ಕೊಳ್ಳಿ.

ಸುಮತಿ_ಎಸ್

ನನಗೂ ಇದೇ ಸಮಸ್ಯೆ!! ಅಪ್ಪನ ಕಾರಿಗೆ ಪೆನ್‌ಡ್ರೈವ್‌ನಲ್ಲಿ ಕಂತುಗಳನ್ನು ಹಾಕಿ ಕೊಟ್ಟೆ, ಹಿಂದು ಮುಂದಾಗಿ ಓಡುತ್ತೆ. ಕಥೆಯ ಕೊನೆ ಮೊದಲೇ ಕೇಳಿ ಅಪ್ಪ ಬೈದರು. ಪರಿಹಾರ ಸಿಕ್ಕರೆ ನನಗೂ ಹೇಳಿ.

ತಂತಿ_ಮಾವ

ಅದು ಬೇರೆ ಸಮಸ್ಯೆ ತಾಯಿ. ಎಷ್ಟೋ ಕಾರ್ ಸ್ಟೀರಿಯೋಗಳು ಹೆಸರು ನೋಡೋದಿಲ್ಲ, ಪೆನ್‌ಡ್ರೈವ್‌ಗೆ ಯಾವುದು ಮೊದಲು ಬಿತ್ತೋ ಅದನ್ನೇ ಮೊದಲು ಹಾಡಿಸ್ತವೆ. ಫಾರ್ಮ್ಯಾಟ್ ಮಾಡಿ, ಕಂತಿನ ಕ್ರಮದಲ್ಲೇ ಮತ್ತೆ ಕಾಪಿ ಮಾಡಿ ನೋಡಿ.

ಕಾನಮನೆ_ಕೇಳುಗ

`?paged=2` ಹಾಕಿದೆ, ಹಿಂದಿನ ಹತ್ತು ಬಂತು! 22ನೇ ಪುಟದಲ್ಲಿ ನಾಲ್ಕೇ ಕಂತು, 23ಕ್ಕೆ 404. ಲೆಕ್ಕ ಸರಿಹೋಯ್ತು. ಆದರೆ ಈ 22 ವಿಳಾಸಗಳನ್ನೂ ಆ್ಯಪ್‌ಗೆ ಒಂದೊಂದಾಗಿ ಹಾಕಬೇಕಾ?

ತಂತಿ_ಮಾವ

ಬೇಡ ಮಾರಾಯ್ರೆ, 22 ಚಂದಾ ಮಾಡಿಕೊಂಡರೆ ಆಮೇಲೆ ಅದನ್ನು ಗುಡಿಸೋದೇ ಒಂದು ಕೆಲಸ. ಫೋನಿನಲ್ಲಿ ಮೂಲ ಫೀಡ್ ಒಂದೇ ಇರಲಿ, ಹೊಸ ಕಂತುಗಳು ಅದರಲ್ಲಿ ಬರ್ತವೆ. ಹಳೆಯದನ್ನು ಲ್ಯಾಪ್‌ಟಾಪಿನಲ್ಲಿ ಇಳಿಸಿ. `yt-dlp` ಹೆಸರು ನೋಡಿ ಅದು ಯೂಟ್ಯೂಬ್‌ಗೆ ಮಾತ್ರ ಅಂದುಕೊಳ್ತಾರೆ, ಆರ್‌ಎಸ್‌ಎಸ್ ಫೀಡ್ ಕೊಟ್ಟರೂ ಅದರೊಳಗಿನ ಆಡಿಯೋಗಳನ್ನು ಪಟ್ಟಿ ಮಾಡಿ ಇಳಿಸುತ್ತೆ.

```
for i in $(seq 1 22); do
  yt-dlp --sleep-interval 5 \
    -o "%(upload_date)s-%(title)s.%(ext)s" \
    "https://example.com/feed/?paged=$i"
done
```

ಹೆಸರಿನ ಮುಂದೆ ದಿನಾಂಕ ಬರೋದರಿಂದ ಕ್ರಮ ತಪ್ಪೋದಿಲ್ಲ. ಐದು ಸೆಕೆಂಡ್ ಬಿಡುವು ಯಾಕೆ ಅಂದರೆ ಸಣ್ಣ ತಂಡದ ಸರ್ವರಿನ ಮೇಲೆ ಒಂದೇ ಸಲ ಎರಗಬಾರದು. ನಡುವೆ ಕರೆಂಟ್ ಹೋದರೆ ಇದನ್ನೇ ಮತ್ತೆ ಓಡಿಸಿ, ಇಳಿದಿರುವುದನ್ನು ಬಿಟ್ಟು ಮುಂದಕ್ಕೆ ಹೋಗುತ್ತೆ.

ಶುರು ಮಾಡುವ ಮೊದಲು ಒಂದು ಕಂತಿನ ಗಾತ್ರ ನೋಡಿಕೊಳ್ಳಿ. 64 ಕೆಬಿಪಿಎಸ್‌ನಲ್ಲಿ 25 ನಿಮಿಷದ ಕಂತು ಅಂದರೆ 12 ಎಂಬಿ, 214ಕ್ಕೆ ಸುಮಾರು ಎರಡೂವರೆ ಜಿಬಿ. 128 ಇದ್ದರೆ ಅದರ ಎರಡರಷ್ಟು. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್‌ನಲ್ಲಿ ಕೂತರೆ ಒಂದೇ ದಿನದಲ್ಲಿ ಮುಗಿಯೋದಿಲ್ಲ.

ಕಾನಮನೆ_ಕೇಳುಗ

ರಾತ್ರಿಯೆಲ್ಲ ಓಡಿತು. ಬೆಳಿಗ್ಗೆ ನೋಡಿದರೆ 180 ಬಂದಿವೆ. ಉಳಿದ ಬಹುತೇಕದ್ದಕ್ಕೆ ಹೀಗೆ ಹೇಳ್ತಿದೆ:

```
ERROR: unable to open for writing: [Errno 36] File name too long
```

ಹೆಸರು ಅಷ್ಟೇನೂ ಉದ್ದ ಇಲ್ಲ. ಎಣಿಸಿದರೆ ನೂರು ಅಕ್ಷರವೂ ಆಗೋದಿಲ್ಲ.

ಚುರುಮುರಿ

ಡಿಸ್ಕ್ ತುಂಬಿರಬಹುದು?

ತಂತಿ_ಮಾವ

ಡಿಸ್ಕ್ ತುಂಬಿದರೆ ಬೇರೆ ಸಂದೇಶ ಬರುತ್ತೆ. ಇದು ಕನ್ನಡದವರಿಗೇ ಬರುವ ಕಾಟ, ಇಂಗ್ಲಿಷ್ ಶೀರ್ಷಿಕೆಯವರಿಗೆ ಗೊತ್ತೇ ಆಗೋದಿಲ್ಲ. ಲಿನಕ್ಸ್‌ನಲ್ಲಿ ಒಂದು ಫೈಲ್ ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ಮೂಲಾಕ್ಷರಕ್ಕೆ ಮೂರು, ಗುಣಿತದ ಚಿಹ್ನೆಗೆ ಮತ್ತೆ ಮೂರು, ಒತ್ತಿಗೆ ಬೇಕಾದ ವಿರಾಮಕ್ಕೂ ಮೂರು. ನಿಮ್ಮ ಕಣ್ಣಿಗೆ ‘ಕೃಷ್ಣ’ ಎರಡೇ ಅಕ್ಷರ, ಡಿಸ್ಕಿಗೆ ಅದು 15 ಬೈಟ್. ಆ ಲೆಕ್ಕದಲ್ಲಿ ಒತ್ತಕ್ಷರ ತುಂಬಿದ ಶೀರ್ಷಿಕೆ ನಲವತ್ತು ಅಕ್ಷರ ದಾಟೋ ಮೊದಲೇ ಮಿತಿ ಮೀರಬಹುದು.

`-o` ಸಾಲನ್ನು ಮಾತ್ರ ಹೀಗೆ ಬದಲಾಯಿಸಿ:

```
-o "%(upload_date)s-%(title).150B.%(ext)s"
```

150 ಬೈಟ್‌ಗೆ ಶೀರ್ಷಿಕೆ ಕತ್ತರಿಸು ಅಂತ ಅರ್ಥ. ಕೊನೆಯ ಪದ ಅರ್ಧಕ್ಕೇ ನಿಲ್ಲುತ್ತೆ, ಕೆಲವು ಕಡೆ ಒತ್ತು ಕಳೆದುಕೊಂಡ ಅಕ್ಷರ ವಿಕಾರವಾಗಿ ಕಾಣುತ್ತೆ. ಕಿವಿಗೇನೂ ತೊಂದರೆ ಇಲ್ಲ. ನಿನ್ನೆಯೇ ಇದನ್ನು ಹಾಕಿಕೊಡಬೇಕಿತ್ತು, ನನ್ನದೇ ತಪ್ಪು. ಒಂದು ಮಾತು: 150 ಬೈಟ್‌ಗಿಂತ ಉದ್ದ ಇದ್ದೂ ನಿನ್ನೆ ಇಳಿದಿದ್ದ ಕಂತುಗಳು ಹೊಸ ಹೆಸರಿನಲ್ಲಿ ಇನ್ನೊಮ್ಮೆ ಇಳೀತವೆ. ಹಳೆಯ ಪ್ರತಿ ಅಳಿಸಿಬಿಡಿ.

ಕಾನಮನೆ_ಕೇಳುಗ

211 ಬಂತು! ಜೋಡಿ ಪ್ರತಿಗಳನ್ನೂ ಅಳಿಸಿದೆ. ಫೋನಿನಲ್ಲಿ ಒಂದು ಫೋಲ್ಡರ್ ಮಾಡಿ ಹಾಕಿದ್ದೇನೆ. ಆದರೆ ಮ್ಯೂಸಿಕ್ ಪ್ಲೇಯರಿನಲ್ಲಿ ಎಲ್ಲಿ ನಿಲ್ಲಿಸಿದ್ದೆ ಅಂತ ನೆನಪಿರೋದಿಲ್ಲ.

ಚುರುಮುರಿ

ಇದು ನನಗೆ ಪಕ್ಕಾ ಗೊತ್ತು 😄 ಆಂಟೆನಾಪಾಡ್‌ನಲ್ಲಿ ಪಾಡ್‌ಕಾಸ್ಟ್ ಸೇರಿಸುವ ಜಾಗದಲ್ಲೇ ಲೋಕಲ್ ಫೋಲ್ಡರ್ ಸೇರಿಸುವ ಆಯ್ಕೆ ಇದೆ. ಆ ಫೋಲ್ಡರ್ ತೋರಿಸಿ, ಫೈಲ್ ಹೆಸರಿನ ಪ್ರಕಾರ ಜೋಡಿಸಿ. ಅದೂ ಒಂದು ಪಾಡ್‌ಕಾಸ್ಟ್ ಥರಾನೇ ಕಾಣುತ್ತೆ, ನಿಲ್ಲಿಸಿದ ಜಾಗವನ್ನೂ ನೆನಪಿಟ್ಟುಕೊಳ್ಳುತ್ತೆ. ಆ ಫೋಲ್ಡರನ್ನು ಆಮೇಲೆ ಬೇರೆ ಕಡೆ ಸರಿಸಬೇಡಿ ಅಷ್ಟೆ.

ಕಾನಮನೆ_ಕೇಳುಗ

ಆಯ್ತು, ಕೆಲಸ ಮಾಡ್ತಿದೆ. ಉಳಿದಿದ್ದು ಮೊದಲ ಮೂರು ಕಂತು. ಅವು 404. ಫೀಡ್‌ನಲ್ಲಿ ಅವುಗಳ ಆಡಿಯೋ ವಿಳಾಸ ಬೇರೆ ಯಾವುದೋ ಹಳೆಯ ಸೈಟಿಗೆ ಹೋಗುತ್ತೆ.

ತಂತಿ_ಮಾವ

ಜಾಗ ಬದಲಿಸಿದಾಗ ಹಳೆಯ ಫೈಲ್ ಅಲ್ಲೇ ಬಿಟ್ಟು ಬಂದಿರಬೇಕು. ಆ ಎಂಪಿ3 ವಿಳಾಸವನ್ನು `web.archive.org`ನಲ್ಲಿ ಹಾಕಿ ನೋಡಿ. ಪುಟಗಳು ಸಿಗುವಷ್ಟು ಸುಲಭವಾಗಿ ಅಲ್ಲಿ ಆಡಿಯೋ ಸಿಗೋದಿಲ್ಲ, ಆದರೂ ನೋಡಿ. ಜೊತೆಗೆ ಆ ತಂಡಕ್ಕೊಂದು ಮೇಲ್ ಹಾಕಿ, ಫೀಡ್‌ನ ಆ 10ನ್ನು 300 ಮಾಡೋಕೂ ಹೇಳಿ.

ಕಾನಮನೆ_ಕೇಳುಗ

ಎರಡನೇ ಕಂತು ಅಲ್ಲಿ ಸಿಕ್ಕಿತು! ಒಂದು, ಮೂರು ಇಲ್ಲ. ಮೇಲ್ ಹಾಕಿದ್ದೇನೆ, ಉತ್ತರ ಬಂದಿಲ್ಲ.

ಬೆಳಗಾವಿ_ಬಾನುಲಿ

ಸರ್, ನಾನು ಕೇಳೋ ಪಾಡ್‌ಕಾಸ್ಟ್‌ನಾಗ `?paged=2` ಹಾಕಿದ್ರೂ ಅದೇ ಹತ್ತು ಬರ್ತಾವ. ಇದಕ್ಕ ಏನಾರ ದಾರಿ ಐತೇನ್ರಿ?