ಸಹಾಯ ಬೇಕು: ಅಮ್ಮನ ಗ್ಯಾಸ್ ಸಬ್ಸಿಡಿ ಖಾತೆಗೆ ಬರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮ ಅಮ್ಮನದು ಉಜ್ವಲ ಕನೆಕ್ಷನ್. ಒಂದು ಸಿಲಿಂಡರ್‌ಗೆ 300 ರೂಪಾಯಿ ಸಬ್ಸಿಡಿ ಬರಬೇಕು. ಕಳೆದ ಮೂರು ಸಿಲಿಂಡರ್‌ಗೆ ಒಂದು ಪೈಸೆಯೂ ಬಂದಿಲ್ಲ.

ಏಜೆನ್ಸಿಗೆ ಲಿಖಿತ ದೂರು ಕೊಟ್ಟೆ. ಇಕೆವೈಸಿ ಆಗಿದೆ, ದುಡ್ಡು ಹೋಗಿದೆ, ಬ್ಯಾಂಕಿನಲ್ಲಿ ಕೇಳಿ ಎಂದರು. ಬ್ಯಾಂಕಿನವರು ಆಧಾರ್ ಲಿಂಕ್ ಆಗಿದೆ, ಏಜೆನ್ಸಿಯಲ್ಲೇ ಕೇಳಿ ಎಂದರು. ಸುಮ್ನೆ ಓಡಾಟ.

ಕೊನೆಗೆ ಆಧಾರ್ ವೆಬ್‌ಸೈಟಿನಲ್ಲಿ Bank Seeding Status ನೋಡಿದೆ. ಅಲ್ಲಿ ಅಮ್ಮ ಬಳಸದೇ ಬಿಟ್ಟ ಹಳೇ ಬ್ಯಾಂಕಿನ ಹೆಸರಿದೆ! ಖಾತೆಗೆ ಆಧಾರ್ ಕೊಡುವುದು ಬೇರೆ, ಸಬ್ಸಿಡಿ ಯಾವ ಬ್ಯಾಂಕಿಗೆ ಹೋಗಬೇಕೆಂದು ಎನ್‌ಪಿಸಿಐನಲ್ಲಿ ದಾಖಲಾಗುವ ಮ್ಯಾಪಿಂಗ್ ಬೇರೆ ಎಂದು ಆಗಲೇ ಗೊತ್ತಾಗಿದ್ದು. ಕೌಂಟರಿನಲ್ಲಿ ಯಾರೂ ಇದನ್ನು ಹೇಳಲಿಲ್ಲ. ಹೊಸ ಬ್ಯಾಂಕಿಗೆ ಸೀಡಿಂಗ್ ಫಾರ್ಮ್ ಕೊಟ್ಟು ಮೂರು ವಾರ ಆಯ್ತು, ಇನ್ನೂ ಹಳೇ ಹೆಸರೇ ತೋರಿಸುತ್ತಿದೆ.

ಹಳೇ ಪಾಸ್‌ಬುಕ್ ಕಳೆದುಹೋಗಿದೆ, ಆ ಖಾತೆ ಇನ್ನೂ ಇದೆಯೋ ಮುಚ್ಚಿದೆಯೋ ಅಮ್ಮನಿಗೂ ಗೊತ್ತಿಲ್ಲ.

ನನ್ನ ಪ್ರಶ್ನೆ ಎರಡೇ. ಮ್ಯಾಪಿಂಗ್ ಬದಲಾಗಲು ಹಳೇ ಬ್ಯಾಂಕಿಗೂ ಹೋಗಿ ತೆಗೆಸಬೇಕಾ, ಹೊಸ ಬ್ಯಾಂಕಿನ ಫಾರ್ಮ್ ಸಾಕಾ? ಹಳೇ ಖಾತೆ ಮುಚ್ಚಿ ದುಡ್ಡು ವಾಪಸ್ ಹೋಗಿದ್ದರೆ, ಆ ಮೂರು ಕಂತು ಮತ್ತೆ ಬರಲು ಏಜೆನ್ಸಿಗೆ ಏನೆಂದು ಬರೆದು ಕೊಡಬೇಕು? ಇದೇ ಥರ ಆಗಿ ಸರಿಪಡಿಸಿಕೊಂಡವರು ದಯವಿಟ್ಟು ತಿಳಿಸಿ.