ಉಪ್ಪು ಜಾಸ್ತಿ ಹಾಕಿದ ಲೋಟದಲ್ಲೇ ತುಕ್ಕು ಕಮ್ಮಿ! ಪ್ರಯೋಗ ಎಲ್ಲಿ ತಪ್ಪಿದ್ದು?

ಕಟಪಾಡಿ_ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳು ಒಂಬತ್ತನೇ ಕ್ಲಾಸು. ಶಾಲೆಯ ವಿಜ್ಞಾನ ಮೇಳಕ್ಕೆ ತುಕ್ಕಿನ ಪ್ರಯೋಗ ಮಾಡ್ತಿದ್ದಾಳೆ. ಅವಳ ಊಹೆ ಹೀಗಿತ್ತು: "ನೀರಿನಲ್ಲಿ ಉಪ್ಪು ಹೆಚ್ಚಿದ್ದಷ್ಟೂ ಮೊಳೆಗೆ ತುಕ್ಕು ಬೇಗ ಹಿಡಿಯುತ್ತದೆ."

ಐದು ಗಾಜಿನ ಲೋಟ, ಪ್ರತಿಯೊಂದಕ್ಕೂ 200 ಮಿ.ಲೀ. ಬಾವಿ ನೀರು. ಮೊದಲನೆಯದಕ್ಕೆ ಉಪ್ಪಿಲ್ಲ, ಉಳಿದವಕ್ಕೆ 1, 2, 4, 8 ಚಮಚ. ಎಲ್ಲದರಲ್ಲೂ ಎರಡಿಂಚಿನ ಒಂದೊಂದು ಮೊಳೆಯನ್ನು ಓರೆಯಾಗಿ ನಿಲ್ಲಿಸಿ ಅಡುಗೆಮನೆಯ ಕಿಟಕಿಯಲ್ಲಿಟ್ಟಳು. ಐದು ದಿನ ಆದ ಮೇಲೆ ನೋಡಿದರೆ 1 ಚಮಚದ್ದು, 2 ಚಮಚದ್ದು ಕಂದು ಬಣ್ಣಕ್ಕೆ ತಿರುಗಿದೆ. 8 ಚಮಚದ ಲೋಟದ ಮೊಳೆ ಮಾತ್ರ ಹೆಚ್ಚುಕಮ್ಮಿ ಇಟ್ಟ ಹಾಗೇ ಉಂಟು. ಶಾಲೆಯಲ್ಲಿ "ಪ್ರಯೋಗ ತಪ್ಪಾಗಿದೆ, ಇನ್ನೊಮ್ಮೆ ಮಾಡು" ಅಂದರಂತೆ. ಎಲ್ಲಿ ತಪ್ಪಿದ್ದು ಅಂತ ಯಾರೂ ಹೇಳಲಿಲ್ಲ. ಮಗು ಊಟ ಬಿಟ್ಟು ಕೂತಿದ್ದಾಳೆ. ತಿಳಿದವರು ಹೇಳಿ.

ಸುರತ್ಕಲ್_ಸಂದೀಪ

ಅಕ್ಕ, ಮೊಳೆಯ ತುಕ್ಕು ತೆಗೀಲಿಕ್ಕೆ ವಿನೆಗರ್‌ನಲ್ಲಿ ಒಂದು ರಾತ್ರಿ ನೆನೆಸಿಡಿ. ನನ್ನ ಬೈಕಿನ ಬೋಲ್ಟುಗಳನ್ನೆಲ್ಲ ಹಾಗೇ ಸರಿ ಮಾಡಿದ್ದು. ಆಮೇಲೆ ಬೆಳ್ಳಗೆ ತೊಳೆದು ಎಣ್ಣೆ ಹಚ್ಚಬೇಕು, ಇಲ್ಲಾಂದ್ರೆ ಮರುದಿನವೇ ಮತ್ತೆ ಹಿಡೀತದೆ.

ಕಟಪಾಡಿ_ಅಮ್ಮ

ತುಕ್ಕು ತೆಗೀಲಿಕ್ಕಲ್ಲ ತಮ್ಮ, ತುಕ್ಕು ಯಾಕೆ ಬರಲಿಲ್ಲ ಅಂತ ಕೇಳ್ತಾ ಇರೋದು.

ಪ್ರಯೋಗಶಾಲೆ_ರಾಯರು

ಮೇಡಂ, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಹೇಳಿಕೊಟ್ಟವನು ನಾನು. ಮೊದಲು ಮಗುವಿಗೆ ಊಟ ಮಾಡ್ಲಿಕ್ಕೆ ಹೇಳಿ. ಅವಳಿಗೆ ಸಿಕ್ಕಿದ ಫಲಿತಾಂಶ ಅಸಾಧ್ಯವಾದದ್ದೇನಲ್ಲ. ಅದು ನಿಜವಾಗಿಯೂ ಹಾಗೇ ಇರಬಹುದು. ಆದರೆ ಈಗ ಇಟ್ಟ ರೀತಿಯಲ್ಲಿ ಹೌದು ಅಂತಲೂ ಅಲ್ಲ ಅಂತಲೂ ಹೇಳ್ಲಿಕ್ಕೆ ಬರುವುದಿಲ್ಲ. ನನಗೆ ಮೂರು ವಿಷಯ ತಿಳಿಸಿ.

8 ಚಮಚ ಹಾಕಿದ ಲೋಟದಲ್ಲಿ ಮೊಳೆಯ ತಲೆ ನೀರಿನಿಂದ ಹೊರಗೆ ಇತ್ತೋ, ಮುಳುಗಿತ್ತೋ? ಲೋಟದ ತಳದಲ್ಲಿ ಕರಗದ ಉಪ್ಪು ಉಳಿದಿತ್ತೋ? ಮೊಳೆಗಳನ್ನು ಅಂಗಡಿಯಿಂದ ತಂದ ಹಾಗೇ ಹಾಕಿದ್ದೋ, ತೊಳೆದು ಹಾಕಿದ್ದೋ?

ಕಟಪಾಡಿ_ಅಮ್ಮ

ಈಗ ಹೋಗಿ ನೋಡಿದೆ ಸರ್. 8 ಚಮಚದ್ದರಲ್ಲಿ ಮೊಳೆ ಪೂರ್ತಿ ಮುಳುಗಿದೆ. ಉಳಿದ ನಾಲ್ಕರಲ್ಲೂ ತಲೆ ಸ್ವಲ್ಪ ಹೊರಗೆ ಉಂಟು. ತಳದಲ್ಲಿ ಉಪ್ಪಿನ ಗುಪ್ಪೆ ಹಾಗೇ ಕೂತಿದೆ, ಮೊಳೆಯ ತುದಿ ಅದರೊಳಗೆ ಹೂತಿದೆ. ತೊಳೆದಿರಲಿಲ್ಲ.

ಮಲ್ಪೆ_ಬಂದರ್

ನಾನು ಬೋಟಿನ ವೆಲ್ಡಿಂಗ್ ಕೆಲಸದವ. ಶಾಲೆಯ ಪ್ರಯೋಗ ನನಗೆ ಗೊತ್ತಿಲ್ಲ, ಆದರೆ ತುಕ್ಕು ದಿನಾ ನೋಡ್ತೇನೆ. ಕಬ್ಬಿಣದ ಕಂಬ ಯಾವಾಗಲೂ ನೀರೊಳಗೆ ಇರುವ ಜಾಗದಲ್ಲಿ ಅಷ್ಟು ಬೇಗ ತಿನ್ನುವುದಿಲ್ಲ. ಅಲೆ ಬಡಿದು ಒದ್ದೆಯಾಗಿ ಮತ್ತೆ ಗಾಳಿಗೆ ಒಣಗುವ ಜಾಗ ಉಂಟಲ್ಲ, ಅಲ್ಲೇ ಹೊಪ್ಪಳಿಕೆ ಎದ್ದು ಬೀಳುವುದು. ನೀರಿನಡಿಯ ಭಾಗಕ್ಕೆ ನಾವು ಸತುವಿನ ಗಟ್ಟಿ ಕಟ್ತೇವೆ. ಕಬ್ಬಿಣದ ಬದಲು ಸತು ಕರಗಿ ಹೋಗ್ತದೆ. ಉಪ್ಪು ಜಾಸ್ತಿಯಾದರೆ ತುಕ್ಕು ಕಮ್ಮಿ ಅಂದರೆ ನನಗೆ ನಂಬ್ಲಿಕ್ಕೆ ಕಷ್ಟ.

ಪ್ರಯೋಗಶಾಲೆ_ರಾಯರು

ಬಂದರಿನವರು ಹೇಳಿದ್ದರಲ್ಲೇ ಅರ್ಧ ಉತ್ತರ ಉಂಟು. ನೀರೂ ಗಾಳಿಯೂ ಸೇರುವ ಗಡಿಯಲ್ಲಿ ತುಕ್ಕು ಜೋರು. ಮಗುವಿನ ನಾಲ್ಕು ಲೋಟದಲ್ಲಿ ಮೊಳೆಗೆ ಆ ಗಡಿ ಸಿಕ್ಕಿತು, ಐದನೆಯದರಲ್ಲಿ ಸಿಗಲಿಲ್ಲ. ಯಾಕೆ? ಒಂದು ಸಣ್ಣ ಚಮಚ ಉಪ್ಪು ಅಂದಾಜು 6 ಗ್ರಾಂ. ಎಂಟು ಚಮಚ ಅಂದರೆ 48 ಗ್ರಾಂ. ಅಷ್ಟು ಉಪ್ಪು ಬಿದ್ದಾಗ ನೀರಿನ ಮಟ್ಟ ಏರಲೇಬೇಕು. ಅವಳು ಬದಲಾಯಿಸಿದ್ದು ಉಪ್ಪನ್ನು ಮಾತ್ರ ಅಂದುಕೊಂಡಳು, ಜೊತೆಗೆ ಮಟ್ಟವೂ ಬದಲಾಯಿತು. ಸಾಲದ್ದಕ್ಕೆ ತಳದ ಉಪ್ಪು ಮೊಳೆಯ ತುದಿಯನ್ನು ಮುಚ್ಚಿತು. ಈಗ ತುಕ್ಕು ಕಮ್ಮಿಯಾದದ್ದು ಇವುಗಳಲ್ಲಿ ಯಾವುದರಿಂದ ಅಂತ ಹೇಳುವುದು ಹೇಗೆ?

ಹೀಗೆ ಮಾಡಿಸಿ. ಉಪ್ಪನ್ನು ಲೋಟಕ್ಕೆ ಹಾಕುವುದೇ ಬೇಡ. ಬೇರೆ ಪಾತ್ರೆಯಲ್ಲಿ ಉಪ್ಪುನೀರು ಮಾಡಿ, ಪೂರ್ತಿ ಕರಗಿದ ಮೇಲೆ ಪ್ರತಿ ಲೋಟಕ್ಕೂ ಅಳೆದು 100 ಮಿ.ಲೀ. ಸುರಿಯಲಿ. ಮೊಳೆಯನ್ನು ನಿಲ್ಲಿಸದೆ ತಳದಲ್ಲಿ ಅಡ್ಡ ಮಲಗಿಸಲಿ. ಹೊಸ ಮೊಳೆಗೆ ಕಾರ್ಖಾನೆಯ ಎಣ್ಣೆಯ ಪಸೆ ಇರ್ತದೆ. ಸೋಪಿನಲ್ಲಿ ತೊಳೆದು, ಮರಳು ಕಾಗದದಲ್ಲಿ ಎಲ್ಲವನ್ನೂ ಒಂದೇ ಹದಕ್ಕೆ ಉಜ್ಜಿ, ಮತ್ತೆ ಕೈಯಲ್ಲಿ ಮುಟ್ಟದೆ ಹಾಕಲಿ. ಒಂದು ಅಳತೆಗೆ ಒಂದೇ ಮೊಳೆ ಸಾಲದು, ಮೂರು ಲೋಟ ಬೇಕು. ಒಂದು ಮೊಳೆ ಹಾಳಿದ್ದರೂ ಇನ್ನೆರಡು ಹೇಳ್ತವೆ.

ಕೊಂಚಾಡಿ_ಬಿಎಸ್ಸಿ

ಕಂಟ್ರೋಲ್ ಸರಿಯಾಗಿಯೇ ಉಂಟಲ್ಲ? ಎಲ್ಲ ಲೋಟಕ್ಕೂ ಒಂದೇ ನೀರು, ಒಂದೇ ಜಾಗ. ಅದೇ ತಾನೇ ಕಂಟ್ರೋಲ್ ಅಂದರೆ. ನನ್ನ ಪ್ರಕಾರ ಊಹೆಯನ್ನೇ ತಿದ್ದಿ "ಉಪ್ಪು ಒಂದು ಮಿತಿ ಮೀರಿದರೆ ತುಕ್ಕು ಕಮ್ಮಿಯಾಗುತ್ತದೆ" ಅಂತ ಬರೆದರೆ ಮುಗೀತು. ಫಲಿತಾಂಶಕ್ಕೂ ಹೊಂದುತ್ತದೆ. ಕಾರಣವೂ ಸರಿಯೇ: ಉಪ್ಪು ಹೆಚ್ಚಾದ ಹಾಗೆ ನೀರಿನಲ್ಲಿ ಆಕ್ಸಿಜನ್ ಕರಗುವುದು ಕಮ್ಮಿ, ಆಕ್ಸಿಜನ್ ಇಲ್ಲದೆ ತುಕ್ಕಿಲ್ಲ.

ಪ್ರಯೋಗಶಾಲೆ_ರಾಯರು

ಕಾರಣದ ಮಾತು ಸರಿ. ಉಪ್ಪು ನೀರಿನಲ್ಲಿ ವಿದ್ಯುತ್ತು ಹರಿಯಲು ದಾರಿ ಮಾಡಿಕೊಡ್ತದೆ, ಅದರಿಂದ ತುಕ್ಕು ಏರ್ತದೆ. ಅದೇ ಉಪ್ಪು ಆಕ್ಸಿಜನ್ನನ್ನು ಹೊರಗೆ ತಳ್ಳುತ್ತದೆ, ಅದರಿಂದ ಇಳೀತದೆ. ಈ ಎರಡರ ಹಗ್ಗಜಗ್ಗಾಟದಲ್ಲಿ ನೂರಕ್ಕೆ ಸುಮಾರು 3 ಭಾಗ ಉಪ್ಪಿರುವಾಗ ತುಕ್ಕು ಅತಿ ಜೋರು. ನಮ್ಮ ಸಮುದ್ರದ ನೀರು 3.5ರ ಹತ್ತಿರ. ಬಂದರಿನವರು ಕಾಣುವುದು ಆ ಶಿಖರವನ್ನೇ, ಅದರಾಚೆಯ ಇಳಿಜಾರು ಅವರ ಕಣ್ಣಿಗೆ ಬೀಳುವ ಅವಕಾಶವೇ ಇಲ್ಲ. ಮಗುವಿನ 1 ಚಮಚದ ಲೋಟ ಹೆಚ್ಚುಕಮ್ಮಿ 3 ಭಾಗದ್ದು, 8 ಚಮಚದ್ದು ಕರಗಿದ್ದರೆ 20ರ ಹತ್ತಿರ.

ಆದರೆ ಊಹೆ ತಿದ್ದಿ ಮುಗಿಸುವುದನ್ನು ನಾನು ಒಪ್ಪುವುದಿಲ್ಲ. ಫಲಿತಾಂಶ ನೋಡಿದ ಮೇಲೆ ಬರೆದ ಊಹೆ ಯಾವತ್ತೂ ಸೋಲುವುದಿಲ್ಲ, ಹಾಗಾಗಿ ಅದರಿಂದ ಏನೂ ತಿಳಿಯುವುದೂ ಇಲ್ಲ. ಮೊದಲ ಊಹೆ ಪುಸ್ತಕದಲ್ಲಿ ತಾರೀಕಿನ ಸಮೇತ ಹಾಗೇ ಇರಲಿ. ಅದರ ಕೆಳಗೆ ಎರಡನೆಯದನ್ನು ಬರೆಯಲಿ, ಕಾರಣ ಸೇರಿಸಿ: "ಗಾಢ ಉಪ್ಪುನೀರಿನಲ್ಲಿ ಆಕ್ಸಿಜನ್ ಕಮ್ಮಿ ಇರುವುದರಿಂದ ತುಕ್ಕು ಕಮ್ಮಿ. ಅದೇ ನೀರಿಗೆ ಗಾಳಿ ಊದಿದರೆ ತುಕ್ಕು ಹೆಚ್ಚಬೇಕು." ಮೀನಿನ ತೊಟ್ಟಿಗೆ ಇಡುವ ಸಣ್ಣ ಪಂಪ್ ಸಾಕು. ಹೆಚ್ಚಲಿಲ್ಲ ಅಂದರೆ ಊಹೆ ಬಿತ್ತು. ಹಾಗೆ ಬೀಳಬಲ್ಲ ಊಹೆಯೇ ಪ್ರಯೋಗಕ್ಕೆ ಬೇಕಾದ್ದು.

ಇನ್ನು ಕಂಟ್ರೋಲ್. ನೀವು ಹೇಳಿದ್ದು ಎಲ್ಲ ಲೋಟದಲ್ಲೂ ಒಂದೇ ತೆರನಾಗಿ ಇಡಬೇಕಾದ ಸಂಗತಿಗಳು. ಹೋಲಿಸಿ ನೋಡ್ಲಿಕ್ಕೆ ಇಡುವ ಲೋಟ ಅದರಿಂದ ಬೇರೆ. ಉಪ್ಪಿಲ್ಲದ ಲೋಟ ಅಂಥದ್ದೊಂದು, ಅವಳು ಇಟ್ಟಿದ್ದಾಳೆ. ಇನ್ನೊಂದು ಬಿಟ್ಟುಹೋಗಿದೆ: ಮೊಳೆ ಹಾಕದ ಲೋಟ. ನಮ್ಮ ಕಡೆ ಮುರಕಲ್ಲಿನ ಬಾವಿ. ಕೆಲವು ಬಾವಿಯ ನೀರಿನಲ್ಲೇ ಕಬ್ಬಿಣದ ಅಂಶ ಇದ್ದು, ಇಟ್ಟ ನೀರು ತಾನಾಗಿ ಕಂದಾಗ್ತದೆ. ಮೊಳೆಯಿಲ್ಲದ ಲೋಟ ಇಲ್ಲದಿದ್ದರೆ ಯಾವ ಕಂದು ಮೊಳೆಯದ್ದು, ಯಾವುದು ಬಾವಿಯದ್ದು ಅಂತ ಗೊತ್ತಾಗುವುದೇ ಇಲ್ಲ.

ಕೊಂಚಾಡಿ_ಬಿಎಸ್ಸಿ

ಒಪ್ಪಿದೆ ಸರ್, ನಾನು ಎರಡನ್ನೂ ಒಂದೇ ಅಂದುಕೊಂಡಿದ್ದೆ. ಆದರೆ "ತುಕ್ಕು ಕಮ್ಮಿ, ಜಾಸ್ತಿ" ಅಂತ ಕಣ್ಣಳತೆಯಲ್ಲಿ ಹೇಳುವುದು ಸರಿಯಾ? ಚಿನ್ನ ತೂಗುವ ಸಣ್ಣ ತಕ್ಕಡಿ ಈಗ ಕಡಿಮೆ ದುಡ್ಡಿಗೆ ಸಿಗ್ತದೆ, 0.01 ಗ್ರಾಂ ತೋರಿಸ್ತದೆ. ಮೊದಲು ತೂಗಿ, ತುಕ್ಕು ಉಜ್ಜಿ ತೆಗೆದು ಮತ್ತೆ ತೂಗಿದರೆ ಆಯಿತಲ್ಲ. ಇಲ್ಲವೇ ಉಕ್ಕಿನ ಉಣ್ಣೆಯನ್ನು ಉಪ್ಪುನೀರಿನಲ್ಲಿ ಅದ್ದಿ ಪ್ರನಾಳದ ತಳಕ್ಕೆ ತುರುಕಿ, ನೀರಿನ ಬಟ್ಟಲಿನಲ್ಲಿ ಬೋರಲು ಹಾಕಿ ಒಳಗೆ ನೀರು ಎಷ್ಟು ಏರಿತು ಅಂತ ಅಳೆಯಬಹುದು.

ಪ್ರಯೋಗಶಾಲೆ_ರಾಯರು

ತೂಕದ ಲೆಕ್ಕ ಹಾಕಿ ನೋಡುವ. ಸಮುದ್ರದ ನೀರಿನಲ್ಲಿ ಉಕ್ಕು ವರ್ಷಕ್ಕೆ ಸುಮಾರು 0.1 ಮಿ.ಮೀ. ಸವೆಯುತ್ತದೆ. ಎರಡಿಂಚಿನ ಮೊಳೆಗೆ ಐದು ದಿನಕ್ಕೆ ಲೆಕ್ಕ ಹಾಕಿದರೆ 0.005 ಗ್ರಾಂ ಆಸುಪಾಸು ಬರ್ತದೆ. 0.01 ತೋರಿಸುವ ತಕ್ಕಡಿಗೆ ಅದು ಕಾಣುವುದೇ ಇಲ್ಲ. ಐದೂ ಮೊಳೆ ಒಂದೇ ತೂಕ ತೋರಿಸಿದಾಗ ಮಗು ವ್ಯತ್ಯಾಸವೇ ಇಲ್ಲ ಅಂತ ಬರೆದಾಳು.

ಪ್ರನಾಳದ ಉಪಾಯ ಒಳ್ಳೆಯದು, ಆದರೆ ಅದು ಬೇರೆ ಪ್ರಶ್ನೆಗೆ ಉತ್ತರ ಕೊಡ್ತದೆ. ಅಲ್ಲಿ ಉಕ್ಕಿನ ಮೇಲೆ ತೆಳ್ಳಗೆ ನೀರಿನ ಪದರ ಮಾತ್ರ, ಸುತ್ತ ಗಾಳಿ. ಆಕ್ಸಿಜನ್ ಆ ಪದರ ದಾಟಲು ಹೆಚ್ಚು ಹೊತ್ತು ಬೇಡ. ಹಾಗಾಗಿ ಗಾಢ ಉಪ್ಪುನೀರಿನ ಪರಿಣಾಮ ಅಲ್ಲಿ ಮಸುಕಾಗಬಹುದು.

ಕಣ್ಣಳತೆಯನ್ನೇ ಗಟ್ಟಿ ಮಾಡಿ. ಲೋಟದ ಅಡಿಯಲ್ಲಿ ಗುರುತು ಬರೆದು, ಸ್ಥಾನ ಬದಲಿಸಿ, ಯಾವುದಕ್ಕೆ ಎಷ್ಟು ಉಪ್ಪು ಅಂತ ಗೊತ್ತಿಲ್ಲದ ಮೂವರಿಂದ ಬೇರೆ ಬೇರೆಯಾಗಿ ಕಮ್ಮಿಯಿಂದ ಜಾಸ್ತಿಗೆ ಸಾಲಾಗಿ ಇಡಿಸಿ. ಮೂವರ ಸಾಲೂ ಹೊಂದಿದರೆ ನಂಬಬಹುದು. ಉಪ್ಪು ಹಾಕಿದವಳ ಕಣ್ಣು ತಾನು ಬಯಸಿದ್ದನ್ನೇ ಹುಡುಕ್ತದೆ, ಅದಕ್ಕೆ ಅವಳು ಸಾಲು ಮಾಡುವುದು ಬೇಡ.

ಮಲ್ಪೆ_ಬಂದರ್

ಗಾಳಿ ಊದಿದರೆ ನೀರೂ ಕಲಕುತ್ತದಲ್ಲ ಮಾಷ್ಟ್ರೇ? ಹರಿಯುವ ನೀರಲ್ಲಿ ಕಬ್ಬಿಣ ಬೇಗ ತಿನ್ನುವುದು ನಾನು ನೋಡಿದ್ದೇನೆ. ಆಗ ತುಕ್ಕು ಹೆಚ್ಚಿದ್ದು ಗಾಳಿಯಿಂದಲೋ ಕಲಕಿದ್ದರಿಂದಲೋ?

ಪ್ರಯೋಗಶಾಲೆ_ರಾಯರು

ಒಳ್ಳೆ ಪ್ರಶ್ನೆ. ನಾನು ಅದನ್ನು ಹೇಳಬೇಕಿತ್ತು. ಒಂದು ಲೋಟಕ್ಕೆ ಗಾಳಿ ಊದುವಾಗ ಇನ್ನೊಂದನ್ನು ಗಾಳಿಯಿಲ್ಲದೆ ಅಷ್ಟೇ ಕಲಕುತ್ತಿರಬೇಕು. ಆದರೆ ಕಲಕಿದರೂ ಮೇಲಿನ ಗಾಳಿ ಒಳಗೆ ಸೇರ್ತದೆ. ಮನೆಯಲ್ಲಿ ಇದನ್ನು ಪೂರ್ತಿ ಬಿಡಿಸುವ ದಾರಿ ನನಗೆ ಹೊಳೆದಿಲ್ಲ. ಮಗು ಇದನ್ನು ವರದಿಯಲ್ಲಿ ಬರೆಯಲಿ.

ಕಟಪಾಡಿ_ಅಮ್ಮ

ಒಂಬತ್ತು ದಿನ ಆದ ಮೇಲೆ ಬರೀತಿದ್ದೇನೆ. ನೀವು ಹೇಳಿದ ಹಾಗೆ ಹದಿನೈದು ಲೋಟ, ಮೊಳೆಯಿಲ್ಲದ್ದು ಒಂದು. ಲೋಟ ಸಾಲದೆ ನೆರೆಮನೆಯಿಂದ ತಂದದ್ದು. ಅತ್ತೆ, ಪಕ್ಕದ ಮನೆ ಟೀಚರಕ್ಕ, ಹಾಲು ತರುವ ಹುಡುಗ, ಮೂವರೂ ಸಾಲು ಮಾಡಿದರು. ಅತಿ ಗಾಢದ ಮೂರು ಲೋಟವನ್ನು ಮೂವರೂ ಉಪ್ಪು ಹಾಕಿದವುಗಳ ಪೈಕಿ ಅತಿ ಕಮ್ಮಿ ತುಕ್ಕಿನ ಕಡೆಗೇ ಇಟ್ಟರು. ಆದರೆ ಮೊದಲ ಸಲದಷ್ಟು ದೊಡ್ಡ ವ್ಯತ್ಯಾಸ ಇಲ್ಲ, ಆ ಮೊಳೆಗಳೂ ಅಲ್ಲಲ್ಲಿ ಕಂದಾಗಿವೆ. 1 ಚಮಚದ್ದು ಜಾಸ್ತಿಯೋ 2 ಚಮಚದ್ದೋ ಅನ್ನುವುದರಲ್ಲಿ ಮೂವರದ್ದೂ ಮೂರು ಸಾಲು. ಮೊಳೆಯಿಲ್ಲದ ಲೋಟದ ತಳದಲ್ಲಿ ತೆಳುವಾಗಿ ಕಂದು ಕೂತಿದೆ ಸರ್, ನೀವು ಹೇಳಿದ್ದೇ ಆಯಿತು. ಈಗ ನೀರು ಬದಲಾಯಿಸಬೇಕಾ, ಅಥವಾ ಹೀಗೇ ಬರೆದುಕೊಳ್ಳಬಹುದಾ?

ಪ್ರಯೋಗಶಾಲೆ_ರಾಯರು

ಈ ಸಲದ್ದನ್ನು ಹೀಗೇ ಬರೆಯಲಿ, ಆ ತಳದ ಕಂದನ್ನೂ ಸೇರಿಸಿ. ಪಂಪ್ ಇಡುವ ಪ್ರಯೋಗಕ್ಕೆ ಮಾತ್ರ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ತನ್ನಿ, ಪೆಟ್ರೋಲ್ ಬಂಕಿನಲ್ಲೂ ಸಿಗ್ತದೆ. ಕ್ಯಾನಿನ ಮೇಲೆ ನೀರು ಅಂತಲೇ ಇರಬೇಕು. ಅದರ ಪಕ್ಕದಲ್ಲೇ ಆಸಿಡ್ ಇಟ್ಟಿರ್ತಾರೆ, ಓದಿ ನೋಡಿಯೇ ತೆಗೆದುಕೊಳ್ಳಿ.